ಅಜ್ಜನ ಎಡಗಣ್ಣಿನ ರೆಪ್ಪೆ: ಹಳೆಯ ಫೋಟೊ ಸರಿಪಡಿಸಿದ ಒಂದು ಪ್ರಕರಣ

ಹಳೆಯ ಫೋಟೊ ಸರಿಪಡಿಸುವುದು ನನ್ನ ಕಸುಬು. ಈ ಪ್ರಕರಣ ಮುಂಬೈಯ ಮಾಟುಂಗಾ ಕಡೆಯ ಒಂದು ಹೋಟೆಲ್ ಕುಟುಂಬದ್ದು. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ, ಯಾರ ಹೆಸರನ್ನೂ ಹೇಳಿಲ್ಲ. ಅಳತೆಗಳನ್ನೂ ಕೆಲಸ ನಡೆದ ಕ್ರಮವನ್ನೂ ಮಾತ್ರ ಇದ್ದಂತೆಯೇ ಕೊಟ್ಟಿದ್ದೇನೆ.

ಹಿನ್ನೆಲೆ

ಉಡುಪಿ ಕಡೆಯಿಂದ ಬಂದು ಇಲ್ಲಿ ಹೋಟೆಲು ಕಟ್ಟಿದ ಅಜ್ಜ ತೀರಿಕೊಂಡು ಬಹಳ ವರ್ಷಗಳಾಗಿವೆ. ಹೋಟೆಲಿಗೆ 75 ವರ್ಷ ತುಂಬುವ ಹೊತ್ತಿಗೆ ಗಲ್ಲಾದ ಹಿಂದಿನ ಗೋಡೆಯಲ್ಲಿ ಅವರದೊಂದು ದೊಡ್ಡ ಫೋಟೊ ಇರಬೇಕೆಂದು ಮನೆಯವರಿಗೆ ಆಸೆ. ಅಜ್ಜನ ನಡುವಯಸ್ಸಿನ ಮುಖ ಎದುರಿನಿಂದ ಕಾಣುವ ಚಿತ್ರ ಒಂದೇ ಉಳಿದಿತ್ತು. ಅದು 1950ರ ದಶಕದಲ್ಲಿ ಸ್ಟುಡಿಯೊದವರು ಹೋಟೆಲಿನ ಮುಂದೆ ತೆಗೆದ ಗುಂಪು ಫೋಟೊ. ಅಡುಗೆಯವರು, ಮಾಣಿಗಳು ಎಲ್ಲ ಸೇರಿ ಹನ್ನೊಂದು ಜನ, ನಡುವೆ ಕುರ್ಚಿಯಲ್ಲಿ ಅಜ್ಜ. ಹಾಫ್ ಪ್ಲೇಟ್ ನೆಗೆಟಿವ್‌ನಿಂದ ನೇರವಾಗಿ ಹಾಕಿದ ಪ್ರಿಂಟ್, ಆರೂವರೆ ಇಂಚು ಅಗಲ. ಎಂದೋ ಯಾರೋ ಮಡಚಿಟ್ಟಿದ್ದರಿಂದ ಒಂದು ಸೀಳು ಅಜ್ಜನ ಕೆನ್ನೆಯಿಂದ ಗಲ್ಲದ ತನಕ ಇಳಿದಿತ್ತು. ಮುಂಬೈ ಮಳೆಗಾಲದ ಬೂಷ್ಟಿನ ಚುಕ್ಕೆಗಳೂ ಅಲ್ಲಲ್ಲಿ ಇದ್ದವು.

ನನ್ನ ಬಳಿ ಬರುವ ಮೊದಲೇ ಮನೆಯಲ್ಲಿ ಒಂದು ಪ್ರಯತ್ನ ಆಗಿತ್ತು. ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಮೊಮ್ಮಗ, ಅಪ್ಪ ಮೊಬೈಲ್‌ನಲ್ಲಿ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದ ಚಿತ್ರವನ್ನು ಜಿಎಫ್‌ಪಿಗ್ಯಾನ್ ಎಂಬ ಮುಖ ಸುಧಾರಣೆಯ ಎಐ ಮಾಡೆಲ್‌ಗೆ ಕೊಟ್ಟಿದ್ದ. ಬಂದ ಚಿತ್ರದಲ್ಲಿ ಹುಬ್ಬಿನ ಒಂದೊಂದು ಕೂದಲೂ ಎಣಿಸಬಹುದಾಗಿತ್ತು. ಫ್ಯಾಮಿಲಿ ಗ್ರೂಪಿನಲ್ಲಿ ಎಲ್ಲರೂ ಕೈ ಮುಗಿದರು, ಆಮಂತ್ರಣ ಪತ್ರಿಕೆಗೂ ಅದೇ ಹೋಯಿತು. ತಕರಾರು ಬಂದದ್ದು ಮುಲುಂಡಿನಲ್ಲಿರುವ ಅಜ್ಜನ ಹಿರಿಯ ಮಗಳಿಂದ. ಎಂಬತ್ತು ದಾಟಿದ ಅವರು ಚಿತ್ರ ನೋಡಿ ಹೇಳಿದ್ದು ಇಷ್ಟೆ: "ಅಪ್ಪ ಇಷ್ಟು ಚಂದ ಇರಲಿಲ್ಲ ಮಾರಾಯ. ಕಣ್ಣು ಹೀಗಲ್ಲ."

ಆ ಮನೆಯಲ್ಲಿ ಅಜ್ಜನನ್ನು ನಡುವಯಸ್ಸಿನಲ್ಲಿ ಕಂಡು ನೆನಪಿಟ್ಟುಕೊಂಡವರು ಅವರೊಬ್ಬರೇ. ಮೆಚ್ಚಿದವರಲ್ಲಿ ಹೆಚ್ಚಿನವರಿಗೆ ಅಜ್ಜ ಎಂದರೆ ಕೊನೆಗಾಲದ ಬಿಳಿ ಗಡ್ಡದ ಮುದುಕ, ಇಲ್ಲವೇ ಬರೀ ಹೆಸರು.

ಏನು ಬದಲಾಗಿತ್ತು

ಮೊದಲು ಮೂಲ ಪ್ರಿಂಟನ್ನು ಗಾಜಿನ ಚೌಕಟ್ಟಿನಿಂದ ಹೊರಗೆ ತೆಗೆಸಿ, ಲೂಪ್ ಎಂಬ ಸಣ್ಣ ಭೂತಗನ್ನಡಿ ಹಿಡಿದು ಮುಖ ನೋಡಿದೆ. ಮೂರು ಸಂಗತಿ ಕಂಡವು. ಅಜ್ಜನ ಎಡಗಣ್ಣಿನ ಮೇಲ್ರೆಪ್ಪೆ ಜೋತುಬಿದ್ದು ಕಪ್ಪುಗುಡ್ಡೆಯ ಮೇಲರ್ಧವನ್ನು ಮುಚ್ಚಿತ್ತು. ಕೆನ್ನೆ, ಮೂಗಿನ ಮೇಲೆ ಸಿಡುಬಿನ ಕಲೆಗಳಿದ್ದವು. ಹಣೆಯಲ್ಲಿ ಅಂಗಾರದ ಉದ್ದ ಗೆರೆ, ಅದರ ಕೆಳಗೆ ಅಕ್ಷತೆಯ ಚುಕ್ಕೆ. ಮೊಮ್ಮಗನ ಚಿತ್ರದಲ್ಲಿ ಎರಡು ಕಣ್ಣೂ ಸಮನಾಗಿ ತೆರೆದಿದ್ದವು, ಕಲೆಗಳು ಮಾಯವಾಗಿದ್ದವು, ಅಂಗಾರ ಹುಬ್ಬುಗಳ ನಡುವಿನ ಒಂದು ಸುಕ್ಕಾಗಿ ಉಳಿದಿತ್ತು. ಅಕ್ಷತೆ ಇರಲೇ ಇಲ್ಲ.

ಹೀಗಾಗುವುದು ಆಕಸ್ಮಿಕವಲ್ಲ. ಇಂಥ ಮಾಡೆಲ್‌ಗಳಿಗೆ ಕಲಿಸುವಾಗ ಚೆನ್ನಾಗಿರುವ ಮುಖಗಳನ್ನು ತೆಗೆದುಕೊಂಡು, ಬೇಕೆಂದೇ ಮಸುಕು ಮಾಡಿ, ಕುಗ್ಗಿಸಿ, ಕಾಳುಕಾಳಾಗಿಸಿ, ಜೆಪೆಗ್‌ನಲ್ಲಿ ಹಿಂಡಿ, ಇದರಿಂದ ಮೊದಲಿನ ಮುಖವನ್ನು ಮರಳಿ ತಾ ಎಂದು ಕೇಳುತ್ತಾರೆ. 2021ರಲ್ಲಿ ಬಂದ ಜಿಎಫ್‌ಪಿಗ್ಯಾನ್ ಆಗಲಿ, ಅದೇ ಬಗೆಯ 2022ರ ಕೋಡ್‌ಫಾರ್ಮರ್ ಆಗಲಿ ಕಲಿತದ್ದು ಎಫ್‌ಎಫ್‌ಎಚ್‌ಕ್ಯು ಎಂಬ ಸಂಗ್ರಹದಿಂದ. ಅದರಲ್ಲಿರುವುದು ಫ್ಲಿಕರ್ ಎಂಬ ಫೋಟೊ ಜಾಲತಾಣದಿಂದ ತೆಗೆದ 70,000 ಮುಖಗಳು. ಸಿಡುಬಿನ ಕಲೆ ಮಾಡೆಲ್‌ಗೆ ಕಾಣುವುದು ಫಿಲ್ಮಿನ ಕಾಳಿನ ಹಾಗೆ. ಅದನ್ನು ಒರೆಸಿಹಾಕು ಎಂದೇ ಅದಕ್ಕೆ ಕಲಿಸಿದ್ದಾರೆ. ಹಣೆಯ ಅಂಗಾರ ಅದು ಕಂಡ ಮುಖಗಳಲ್ಲಿ ಇಲ್ಲವೆನ್ನುವಷ್ಟು ಅಪರೂಪ, ಹಾಗಾಗಿ ಹತ್ತಿರದ ಪರಿಚಿತ ಆಕಾರವಾದ ಸುಕ್ಕಿಗೆ ಹೋಗಿ ನಿಲ್ಲುತ್ತದೆ. ಕಣ್ಣಿನ ವಿಷಯದಲ್ಲಂತೂ ಜಿಎಫ್‌ಪಿಗ್ಯಾನ್‌ಗೆ ಎರಡು ಕಣ್ಣು, ಬಾಯಿಗಳನ್ನು ಬೇರೆಬೇರೆಯಾಗಿ ಪರೀಕ್ಷಿಸಿ "ಇದು ನಿಜವಾದ ಕಣ್ಣಿನಂತಿದೆಯೇ" ಎಂದು ತಿದ್ದುವ ತರಬೇತಿಯೇ ಆಗಿದೆ. ಕಣ್ಣುಗಳು ಅಷ್ಟು ಹೊಳೆಯುವುದು ಅದರಿಂದಲೇ. ಅವು ಯಾರ ಕಣ್ಣುಗಳು ಎಂಬುದು ಬೇರೆ ಪ್ರಶ್ನೆ.

ಮೊಮ್ಮಗ ತನ್ನ ಚಿತ್ರಕ್ಕೆ ಒಂದು ಸಮರ್ಥನೆಯನ್ನೂ ತಂದಿದ್ದ. ಮೂಲ ಚಿತ್ರ, ಸುಧಾರಿಸಿದ ಚಿತ್ರ ಎರಡನ್ನೂ ಆರ್ಕ್‌ಫೇಸ್ ಎಂಬ ಮುಖ ಗುರುತಿಸುವ ಮಾಡೆಲ್‌ಗೆ ಕೊಟ್ಟು ಹೋಲಿಕೆಯ ಅಂಕ ತೆಗೆದಿದ್ದ. ಅಂಕ ಚೆನ್ನಾಗಿಯೇ ಬಂದಿತ್ತು. "ಅಂಕಲ್, ಒಬ್ಬರೇ ಅಂತ ಸಾಫ್ಟ್‌ವೇರೇ ಹೇಳ್ತಿದೆ" ಎಂದ. ಆದರೆ ಜಿಎಫ್‌ಪಿಗ್ಯಾನ್ ಅನ್ನು ತರಬೇತಿ ಮಾಡುವಾಗ ಗುರುತು ಉಳಿಯಲೆಂದು ಬಳಸಿದ ಅಳತೆಗೋಲೂ ಆರ್ಕ್‌ಫೇಸೇ. ಅದರಿಂದಲೇ ಅಂಕ ಕೇಳುವುದು ಪರೀಕ್ಷೆ ಬರೆದವನನ್ನೇ ಮೌಲ್ಯಮಾಪನಕ್ಕೆ ಕೂರಿಸಿದಂತೆ. ಮೇಲಾಗಿ ಅದು ಮುಖವನ್ನು 112×112 ಪಿಕ್ಸೆಲ್‌ಗೆ ಇಳಿಸಿಕೊಂಡು ನೋಡುತ್ತದೆ. ಅಷ್ಟರಲ್ಲಿ ಸಿಡುಬಿನ ಕಲೆಗೆ ಜಾಗವೇ ಇಲ್ಲ. ಬೆಳಕು, ವಯಸ್ಸು, ಕನ್ನಡಕ ಏನೇ ಬದಲಾದರೂ ಒಬ್ಬನನ್ನು ಒಬ್ಬನೇ ಎನ್ನಬೇಕೆಂಬುದು ಅದರ ಗುರಿ, ಆದ್ದರಿಂದ ನಮಗೆ ಮುಖ್ಯವಾದ ಸಣ್ಣ ಗುರುತುಗಳನ್ನು ಕಡೆಗಣಿಸುವುದೇ ಅದರ ಗುಣ. ಅಂಕ ತೀರಾ ಕಡಿಮೆ ಬಂದರೆ ಎಚ್ಚರಿಕೆಯೆಂದು ತೆಗೆದುಕೊಳ್ಳಬಹುದು, ಹೆಚ್ಚು ಬಂದರೆ ಅದರಿಂದ ಏನೂ ಸಾಬೀತಾಗುವುದಿಲ್ಲ.

ರೆಪ್ಪೆ ಅಜ್ಜನದೋ, ಫೋಟೊದ್ದೋ

ಮೊಮ್ಮಗನ ಇನ್ನೊಂದು ಪ್ರಶ್ನೆ ಮಾತ್ರ ನ್ಯಾಯವಾಗಿತ್ತು. ಜೋತ ರೆಪ್ಪೆ ನಿಜಕ್ಕೂ ಅಜ್ಜನದೇ ಎಂದು ಹೇಗೆ ಹೇಳುವುದು? ಫೋಟೊ ಹೊಡೆಯುವಾಗ ಕಣ್ಣು ಮಿಟುಕಿಸಿರಬಹುದು. ಮೇಲಿನಿಂದ ಬಿದ್ದ ನೆರಳಿರಬಹುದು. ಹಾಗಿದ್ದರೆ ಮಾಡೆಲ್ ಮಾಡಿದ್ದೇ ಸರಿ. ಮಗಳ ನೆನಪನ್ನು ಗೌರವಿಸಿದರೂ, ಅಷ್ಟು ವರ್ಷದ ನೆನಪೊಂದನ್ನೇ ನಂಬಿ ಮುಖ ತಿದ್ದುವುದು ನನಗೂ ಒಪ್ಪಿಗೆಯಿರಲಿಲ್ಲ.

ಬೇರೆ ಯಾವುದಾದರೂ ಫೋಟೊದಲ್ಲಿ, ಮೂಲೆಯಲ್ಲಾದರೂ ಸರಿ, ಅಜ್ಜ ಇದ್ದಾರೆಯೇ ನೋಡಿ ಎಂದೆ. ಊರಿನ ಮನೆಯಿಂದ 1960ರ ದಶಕದ ಒಂದು ಮದುವೆ ಫೋಟೊ ಬಂತು. ವರನ ಹಿಂದೆ ಅಜ್ಜ ಅರೆಮಗ್ಗುಲಾಗಿ ನಿಂತಿದ್ದಾರೆ, ಗಲ್ಲದ ಭಾಗ ಪೇಟದ ಮರೆಗೆ ಹೋಗಿದೆ. ಕಣ್ಣುಗಳು ಕಾಣುತ್ತಿದ್ದವು. ರೆಪ್ಪೆ ಜೋತಿತ್ತು, ಆದರೆ ಬಲಗಣ್ಣಿನದು!

ಮೊಮ್ಮಗನಿಗೆ ಗೆದ್ದಷ್ಟು ಖುಷಿ. ಒಂದರಲ್ಲಿ ಎಡ, ಇನ್ನೊಂದರಲ್ಲಿ ಬಲ ಎಂದರೆ ಎರಡೂ ಸಲ ಮಿಟುಕಿಸಿದ್ದೇ ಇರಬೇಕು ಎಂದ. ನಾನು ಕಣ್ಣು ಬಿಟ್ಟು ಕೋಟು ನೋಡತೊಡಗಿದೆ. ಅಜ್ಜನ ಎದೆಯ ಜೇಬು ಬಲಗಡೆಗಿತ್ತು. ಪಕ್ಕದಲ್ಲಿದ್ದ ಇನ್ನಿಬ್ಬರ ಅಂಗಿಯ ಜೇಬೂ ಬಲಗಡೆಗೇ. ಗಂಡಸರ ಅಂಗಿಯಲ್ಲಿ ಎಡಭಾಗ ಮೇಲೆ ಬಂದು ಗುಂಡಿ ಬಲಬದಿಯಲ್ಲಿರಬೇಕು, ಅದೂ ತಿರುಗಿತ್ತು. ಅಂದರೆ ಪ್ರಿಂಟ್ ಹಾಕಿದವರು ನೆಗೆಟಿವ್ ಅನ್ನು ಮಗುಚಿ ಇಟ್ಟಿದ್ದರು. ಹಳೆಯ ಪ್ರಿಂಟ್‌ಗಳಲ್ಲಿ ಇದು ನಾವು ಆಗಾಗ ಕಾಣುವ ಸಂಗತಿ. ಚಿತ್ರವನ್ನು ಎಡಬಲ ತಿರುಗಿಸಿದರೆ ರೆಪ್ಪೆ ಎಡಗಣ್ಣಿಗೇ ಬಂತು. ಗುಂಪು ಫೋಟೊದಲ್ಲಿ ಜೇಬುಗಳು ಸರಿಯಾದ ಕಡೆಯಲ್ಲೇ ಇದ್ದವು. ಬೇರೆಬೇರೆ ವರ್ಷ, ಬೇರೆ ಬೆಳಕು, ಬೇರೆ ಕ್ಯಾಮೆರಾ, ಕಣ್ಣು ಮಾತ್ರ ಅದೇ. ಅಲ್ಲಿಗೆ ವಾದ ಮುಗಿಯಿತು, ಮೊಮ್ಮಗನೂ ತಕ್ಷಣ ಒಪ್ಪಿದ.

ಸಿಡುಬಿನ ಕಲೆಗೂ ಇದೇ ಕ್ರಮ ಅನುಸರಿಸಿದೆವು. ಮೂಗಿನ ಎಡಪಕ್ಕದ ಎರಡು ದೊಡ್ಡ ಕಲೆಗಳು ಎರಡೂ ಫೋಟೊಗಳಲ್ಲಿ ಒಂದೇ ಜಾಗದಲ್ಲಿದ್ದವು. ಅವು ಅಜ್ಜನವು. ಕೆನ್ನೆಯ ಕೆಲವು ಚುಕ್ಕೆಗಳು ಗುಂಪು ಫೋಟೊದಲ್ಲಿ ಮಾತ್ರ ಇದ್ದವು, ಅಂಚು ಕೂದಲೆಳೆಯಂತೆ ಹರಡಿತ್ತು. ಅವು ಬೂಷ್ಟು, ತೆಗೆಯಬಹುದು. ಎರಡಕ್ಕೂ ಸೇರದ ಚುಕ್ಕೆಗಳನ್ನು ಮುಟ್ಟಬಾರದೆಂದು ತೀರ್ಮಾನಿಸಿದೆವು.

ಪಿಕ್ಸೆಲ್ ಲೆಕ್ಕ

ಇನ್ನು ಮಾಡೆಲ್ ಬಳಸಬೇಕೇ ಬೇಡವೇ ಎಂಬ ಪ್ರಶ್ನೆ. ಇದಕ್ಕೆ ಉತ್ತರ ಕೊಟ್ಟದ್ದು ಸರಳವಾದ ಒಂದು ಲೆಕ್ಕ. ಇಂಥ ಕೆಲಸಕ್ಕೆ ಕೈಹಾಕುವವರು ಮೊದಲು ಮಾಡಬೇಕಾದದ್ದು ಇದೇ ಎಂದು ನನ್ನ ಅಭಿಪ್ರಾಯ.

ಪ್ರಿಂಟ್‌ನಲ್ಲಿ ಅಜ್ಜನ ಎರಡು ಕಣ್ಣುಗುಡ್ಡೆಗಳ ನಡುವಿನ ಅಂತರ ಸುಮಾರು 4 ಮಿಲಿಮೀಟರ್. ವಾಟ್ಸಾಪ್‌ನಲ್ಲಿ ಬಂದ ಚಿತ್ರದ ಅಗಲ 1600 ಪಿಕ್ಸೆಲ್, ಅಂದರೆ ಪ್ರಿಂಟಿನ ಒಂದು ಇಂಚಿಗೆ 246 ಪಿಕ್ಸೆಲ್. ಆ ಲೆಕ್ಕದಲ್ಲಿ ಕಣ್ಣಿಂದ ಕಣ್ಣಿಗೆ 39 ಪಿಕ್ಸೆಲ್ ಸಿಗುತ್ತದೆ. ಅದೇ ಪ್ರಿಂಟನ್ನು 1200 ಡಿಪಿಐನಲ್ಲಿ, ಅಂದರೆ ಇಂಚಿಗೆ 1200 ಪಿಕ್ಸೆಲ್‌ನಂತೆ, ಸ್ಕ್ಯಾನ್ ಮಾಡಿದರೆ 189 ಪಿಕ್ಸೆಲ್.

ಕೋಡ್‌ಫಾರ್ಮರ್ ಮುಖವನ್ನು ಪತ್ತೆ ಮಾಡಿದ ಮೇಲೆ ಅದನ್ನು ನೇರ ಮಾಡಿ 512×512ರ ಚೌಕಕ್ಕೆ ಕೂರಿಸುತ್ತದೆ. ಆ ಚೌಕದಲ್ಲಿ ಕಣ್ಣುಗಳ ಜಾಗ ಮೊದಲೇ ಗೊತ್ತುಮಾಡಿದ್ದು, ನಡುವಿನ ಅಂತರ ಸುಮಾರು 126 ಪಿಕ್ಸೆಲ್. ವಾಟ್ಸಾಪ್ ಚಿತ್ರದ 39 ಪಿಕ್ಸೆಲ್ ಅಲ್ಲಿ ಮೂರುಪಟ್ಟಿಗಿಂತ ಹೆಚ್ಚು ಹಿಗ್ಗುತ್ತದೆ. ನಡುವಿನ ಜಾಗ ತುಂಬಿಸಲು ಮಾಡೆಲ್ ಬಳಿ ಇರುವುದು ತಾನು ಕಲಿತ ಮುಖಗಳು ಮಾತ್ರ. ಆದರೆ ನಮ್ಮ ಸ್ಕ್ಯಾನ್‌ನ 189 ಪಿಕ್ಸೆಲ್ ಅದೇ ಚೌಕಕ್ಕೆ ಹೋಗಬೇಕಾದರೆ ಮೂರರಲ್ಲಿ ಎರಡು ಪಾಲಿಗೆ ಕುಗ್ಗಬೇಕು. ಅಂದರೆ ಒಳ್ಳೆಯ ಸ್ಕ್ಯಾನ್ ಕೊಟ್ಟರೆ ಮಾಡೆಲ್ ಮೊದಲು ನಿಜವಾದ ವಿವರವನ್ನು ಎಸೆಯುತ್ತದೆ, ಆಮೇಲೆ ತನ್ನ ವಿವರ ಬಿಡಿಸಿ ಮತ್ತೆ ಹಿಗ್ಗಿಸಿ ಅಂಟಿಸುತ್ತದೆ. ಫಲಿತಾಂಶ ಚೊಕ್ಕಟವಾಗಿ ಕಾಣುವುದರಿಂದ ಈ ನಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ.

1200 ಡಿಪಿಐ ಎಂದಾಕ್ಷಣ ಅಷ್ಟೂ ವಿವರ ಕಾಗದದಲ್ಲಿ ಇದೆಯೆಂದಲ್ಲ, ಕೊನೆಯಲ್ಲಿ ಸಿಗುವುದು ಬರೀ ಕಾಗದದ ನಾರು, ಕಾಳು. ಆದರೂ ಈ ಪ್ರಿಂಟ್ ನೆಗೆಟಿವ್‌ನಿಂದ ನೇರವಾಗಿ ಹಾಕಿದ್ದಾದ್ದರಿಂದ ರೆಪ್ಪೆಯ ಅಂಚು, ಮೀಸೆಯ ಎಳೆಗಳು ಸ್ಪಷ್ಟವಾಗಿ ಬಂದವು. ದೊಡ್ಡದು ಮಾಡಿ ಹಾಕಿದ ಪ್ರಿಂಟ್ ಆಗಿದ್ದರೆ ಇಷ್ಟು ಸಿಗುತ್ತಿರಲಿಲ್ಲ.

ಮೊಮ್ಮಗನಿಗೆ ತೋರಿಸಲೆಂದೇ ವಾಟ್ಸಾಪ್ ಚಿತ್ರವನ್ನು ಕೋಡ್‌ಫಾರ್ಮರ್‌ನಲ್ಲಿ ಬೇರೆಬೇರೆ ತೂಕ ಕೊಟ್ಟು ಓಡಿಸಿದೆವು. ಅದರಲ್ಲಿ ಈ ತೂಕಕ್ಕೆಂದು `-w` ಎಂಬ ಒಂದು ಹಿಡಿ ಇದೆ. 0ಯ ಕಡೆಗೆ ತಿರುಗಿಸಿದರೆ ಮಾಡೆಲ್ ತನ್ನ ಇಷ್ಟದಂತೆ ಅಂದಗೊಳಿಸುತ್ತದೆ, 1ರ ಕಡೆಗೆ ಹೋದಷ್ಟೂ ಕೊಟ್ಟ ಚಿತ್ರಕ್ಕೆ ಅಂಟಿಕೊಳ್ಳುತ್ತದೆ.

```
python inference_codeformer.py -w 0.9 --upscale 4 --input_path group.png
```

0.5ರಲ್ಲಿ ಎರಡು ಕಣ್ಣೂ ಪೂರ್ತಿ ತೆರೆದವು. 0.7ರಲ್ಲಿ ರೆಪ್ಪೆ ತುಸು ಇಳಿದು, ನಿದ್ದೆಗಣ್ಣಿನ ಬೇರೆ ಯಾರೋ ಒಬ್ಬರಂತಾಯಿತು. 0.9ರಲ್ಲಿ ರೆಪ್ಪೆ ಹೆಚ್ಚು ಕಡಿಮೆ ತನ್ನ ಜಾಗಕ್ಕೆ ಬಂತು, ಹಣೆಯಲ್ಲಿ ಅಂಗಾರದ ಕಪ್ಪು ಕಾಣಿಸಿತು, ಕಲೆಗಳು ಮಾತ್ರ ಬರಲಿಲ್ಲ. 1 ಕೊಟ್ಟಾಗಲೂ ಕಲೆಗಳಿಲ್ಲ. 1 ಎಂದರೆ ಮೂಲ ಚಿತ್ರವೇ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ, ಚರ್ಮ ಆಗಲೂ ಮಾಡೆಲ್‌ನದೇ.

ಎಲ್ಲಿ ಬದಲಾಗಿದೆ ಎಂದು ಕಣ್ಣಂದಾಜಿನಲ್ಲಿ ವಾದಿಸುವ ಬದಲು ಒಂದು ಪರೀಕ್ಷೆ ಮಾಡಬಹುದು. ಇಮೇಜ್‌ಮ್ಯಾಜಿಕ್ ಎಂಬ ತಂತ್ರಾಂಶದಲ್ಲಿ, ನಾಲ್ಕುಪಟ್ಟು ಹಿಗ್ಗಿದ ಫಲಿತಾಂಶವನ್ನು ಮತ್ತೆ ಕಾಲುಭಾಗಕ್ಕೆ ಕುಗ್ಗಿಸಿ, ಕೊಟ್ಟ ಚಿತ್ರದಿಂದ ಕಳೆಯುವುದು:

```
magick restored.png -filter Box -resize 25% small.png
magick group.png small.png -compose difference -composite -auto-level diff.png
```

ಮಾಡೆಲ್ ಬರೀ ವಿವರ ಸೇರಿಸಿದ್ದರೆ, ಕುಗ್ಗಿಸಿದಾಗ ಅದೆಲ್ಲ ಕರಗಿ ಮೊದಲಿನ ಚಿತ್ರವೇ ಉಳಿಯಬೇಕು. ವ್ಯತ್ಯಾಸದ ಚಿತ್ರದಲ್ಲಿ ಕಾಳುಕಾಳು ಎಲ್ಲ ಕಡೆ ಇದ್ದೇ ಇರುತ್ತದೆ, ಅದಕ್ಕೆ ಹೆದರಬೇಕಿಲ್ಲ. ಒಂದು ಆಕಾರ ಮೂಡಿದರೆ ಮಾತ್ರ ನಿಂತು ನೋಡಬೇಕು. ಮೊಮ್ಮಗನ ಮೊದಲ ಚಿತ್ರಕ್ಕೆ ಈ ಪರೀಕ್ಷೆ ಮಾಡಿದಾಗ ಎಡಗಣ್ಣಿನ ಮೇಲೆ ಕಮಾನಿನಂತೆ ಒಂದು ಬಿಳಿ ಪಟ್ಟಿ, ಹಣೆಯಲ್ಲಿ ಒಂದು ಬಿಳಿ ಗೆರೆ ಬೆಳಗಿದವು. ಮಾಡೆಲ್ ಅಲ್ಲಿ ಸೇರಿಸಿದ್ದಷ್ಟೇ ಅಲ್ಲ, ಇದ್ದದ್ದನ್ನು ತೆಗೆದೂ ಇತ್ತು. ಈ ಪರೀಕ್ಷೆ ಒಂದು ದಿಕ್ಕಿನಲ್ಲಿ ಮಾತ್ರ ನಡೆಯುತ್ತದೆ ಎಂಬುದನ್ನು ಮರೆಯಬಾರದು. ವ್ಯತ್ಯಾಸ ಕಾಣದಿದ್ದರೆ ಮುಖ ಸರಿಯಿದೆ ಎಂದಲ್ಲ, ಏಕೆಂದರೆ 39 ಪಿಕ್ಸೆಲ್‌ಗೆ ಕುಗ್ಗಿದಾಗ ಒಂದೇ ಥರ ಕಾಣುವ ಮುಖಗಳು ಬೇಕಾದಷ್ಟಿವೆ.

ಮಾಡಿದ್ದು

ಮುಖಕ್ಕೆ ಮಾಡೆಲ್ ಬೇಡ, 1200 ಡಿಪಿಐ ಸ್ಕ್ಯಾನ್‌ನಿಂದಲೇ ಕೆಲಸ ಎಂದು ನಿಂತೆವು. ಬೂಷ್ಟಿನ ಚುಕ್ಕೆಗಳನ್ನು ಒಂದೊಂದಾಗಿ ಕೈಯಲ್ಲೇ ತೆಗೆದೆ. ಮಾಸಿದ ಕಪ್ಪುಬಿಳುಪನ್ನು ಸರಿದೂಗಿಸಿದೆ. ತೊಂದರೆ ಬಂದದ್ದು ಸೀಳಿನ ಜಾಗದಲ್ಲಿ. ಕೆನ್ನೆಯಲ್ಲಿ ಅದು ಎಳೆಯಷ್ಟೇ ಅಗಲ, ಅಕ್ಕಪಕ್ಕದಿಂದ ಮುಚ್ಚಬಹುದಿತ್ತು. ಗಲ್ಲದಲ್ಲಿ ಮಾತ್ರ ಚಿತ್ರ ಮೂಡುವ ಪದರವಾದ ಎಮಲ್ಷನ್ ಎದ್ದುಹೋಗಿ ಬಿಳಿ ಕಾಗದ ಕಾಣುತ್ತಿತ್ತು. ಅಲ್ಲಿ ಏನಿತ್ತೆಂಬುದಕ್ಕೆ ಗುಂಪು ಫೋಟೊದಲ್ಲಿ ಸಾಕ್ಷಿಯಿಲ್ಲ, ಮದುವೆ ಫೋಟೊದಲ್ಲೂ ಇಲ್ಲ.

ಆ ತೇಪೆಗೆ ಮಾತ್ರ ಕೋಡ್‌ಫಾರ್ಮರ್ ಬಳಸಿದೆ. ಮೊದಲು ಬಿಳಿ ಜಾಗವನ್ನು ಸುತ್ತಲಿನ ಚರ್ಮದ ಬಣ್ಣದಿಂದ ಒರಟಾಗಿ ತುಂಬಿಸಿ, ತೂಕ 1 ಇಟ್ಟು ಇಡೀ ಮುಖ ಓಡಿಸಿ, ಬಂದದ್ದರಲ್ಲಿ ಗಲ್ಲದ ಆ ತುಂಡನ್ನಷ್ಟೇ ಮಾಸ್ಕ್ ಹಾಕಿ ತೆಗೆದುಕೊಂಡೆ. ಮಾಡೆಲ್ ಕೊಟ್ಟ ಚರ್ಮ ನುಣುಪಾಗಿ ಎದ್ದು ಕಾಣುತ್ತದೆ, ಆದ್ದರಿಂದ ಅದೇ ಸ್ಕ್ಯಾನ್‌ನ ಖಾಲಿ ಗೋಡೆಯ ಭಾಗದಿಂದ ಕಾಳನ್ನು ಎತ್ತಿ ಅದರ ಮೇಲೆ ಕೂರಿಸಿದೆ.

ಗಾತ್ರದ ಬಗ್ಗೆ ಹಗ್ಗಜಗ್ಗಾಟ ನಡೆಯಿತು. ಮನೆಯವರು ಕೇಳಿದ್ದು 20×24 ಇಂಚಿನ ಪ್ರಿಂಟ್, ಮುಖವೇ ಆರು ಇಂಚು. ಸ್ಕ್ಯಾನ್‌ನಲ್ಲಿ ಮುಖದ ಎತ್ತರ ಸುಮಾರು 567 ಪಿಕ್ಸೆಲ್, ಆರು ಇಂಚಿಗೆ ಹಂಚಿದರೆ ಇಂಚಿಗೆ ಸುಮಾರು 94. ಗಲ್ಲಾದ ಮುಂದೆ ಬಿಲ್ ಕೊಡಲು ನಿಂತವರಿಗೆ ಅದು ಮಸುಕಾಗಿಯೇ ಕಾಣುತ್ತದೆ. ಜನ ಮಾಡೆಲ್‌ನತ್ತ ಓಡುವುದು ಇಂಥ ಕಡೆಯಲ್ಲೇ. ಗಾತ್ರವನ್ನು 12×15ಕ್ಕೆ ಇಳಿಸೋಣ, ಮುಖ ಮೂರೂವರೆ ಇಂಚಿರಲಿ, ಆಗ ಇಂಚಿಗೆ 162 ಸಿಗುತ್ತದೆ ಎಂದೆ. ಹೋಟೆಲ್ ನಡೆಸುವ ಮಗ ಎರಡನ್ನೂ ಸಾದಾ ಕಾಗದದಲ್ಲಿ ಹಾಕಿಸಿ ಗೋಡೆಗೆ ಅಂಟಿಸಿ ನೋಡಿ, ಚಿಕ್ಕದಕ್ಕೆ ಒಪ್ಪಿದರು. ಸುತ್ತ ಅಗಲವಾದ ಬಿಳಿ ಅಂಚು ಬಿಟ್ಟು ಚೌಕಟ್ಟಿನ ಗಾತ್ರ ಉಳಿಸಿಕೊಂಡೆವು.

ನೋಡಿದವರು ಹೇಳಿದ್ದು

ಕೊನೆಯ ಪ್ರಿಂಟ್‌ಗೆ ಮೊದಲು, ಮಗಳಿಗೂ, ಹುಡುಗನಾಗಿದ್ದಾಗ ಅದೇ ಹೋಟೆಲಲ್ಲಿ ಕೆಲಸಕ್ಕೆ ಸೇರಿ ಈಗ ಕುಂದಾಪುರದ ಬಳಿ ಇರುವ ಒಬ್ಬರಿಗೂ ಮುಖಗಳನ್ನು ಪೋಸ್ಟ್‌ಕಾರ್ಡ್ ಗಾತ್ರದಲ್ಲಿ ಹಾಕಿಸಿ ಕೊಟ್ಟೆವು. ಯಾವುದು ಯಾವ ಬಗೆಯದು ಎಂದು ಬರೆದಿರಲಿಲ್ಲ. "ಚೆನ್ನಾಗಿದೆಯಾ" ಎಂದು ಕೇಳಬಾರದೆಂದು ಮೊಮ್ಮಗನಿಗೆ ಹೇಳಿದ್ದೆ, ಹಾಗೆ ಕೇಳಿದರೆ ಸ್ಪಷ್ಟವಾದದ್ದೇ ಗೆಲ್ಲುತ್ತದೆ. "ಇವರು ಯಾರು" ಎಂದು ಒಂದೊಂದೇ ತೋರಿಸಿ ಕೇಳಬೇಕು.

ಹಳೆಯ ಕೆಲಸಗಾರರು ಮೊದಲ ಜಿಎಫ್‌ಪಿಗ್ಯಾನ್ ಚಿತ್ರ ನೋಡಿ, "ಇದು ಧಣಿಗಳ ಮಗ ಅಲ್ವಾ?" ಎಂದರಂತೆ. ಕಲೆ, ಸುಕ್ಕು ಹೋಗಿ ಕಣ್ಣು ತೆರೆದ ಮೇಲೆ ಮುಖಕ್ಕೆ ಹತ್ತು ಹದಿನೈದು ವರ್ಷ ಕಡಿಮೆಯಾಗಿತ್ತು, ಹೋಲಿಕೆ ಮಗನ ಕಡೆಗೆ ಸರಿದಿತ್ತು. 0.9ರ ಚಿತ್ರಕ್ಕೆ ಸ್ವಲ್ಪ ತಡೆದು "ಧಣಿಗಳೇ ಇರಬೇಕು" ಎಂದರು. ಸ್ಕ್ಯಾನ್‌ನಿಂದ ಮಾಡಿದ್ದಕ್ಕೆ ತಡೆಯಲಿಲ್ಲ. ಮಗಳೂ ಅದನ್ನೇ ಆರಿಸಿದರು, ಆದರೆ ಗಲ್ಲದ ಮೇಲೆ ಬೆರಳಿಟ್ಟು, ಅಪ್ಪನಿಗೆ ಇಲ್ಲೊಂದು ಸಣ್ಣ ಗುಳಿ ಇತ್ತು ಎಂದರು. ಅವರು ತೋರಿಸಿದ್ದು ಸರಿಯಾಗಿ ತೇಪೆಯ ಜಾಗ.

ಮೊಮ್ಮಗ ಗುಳಿ ಬರೆಯಿರಿ ಎಂದ. ಹಿಂದೆ ಮಾಡೆಲ್ ಪರ ವಾದಿಸಿದವನೇ ಈಗ ಅತ್ತೆಯ ನೆನಪಿನ ಪರ ನಿಂತಿದ್ದ. ನಾನು ಬರೆಯಲಿಲ್ಲ. ಮಗಳು ರೆಪ್ಪೆಯ ಬಗ್ಗೆ ಸರಿ ಹೇಳಿದ್ದರು, ಗುಳಿಯ ಬಗ್ಗೆಯೂ ಸರಿಯಿರಬಹುದು. ಆದರೆ ಗುಳಿ ಎಷ್ಟು ಆಳ, ಯಾವ ಆಕಾರ ಎಂಬುದನ್ನು ನಾನು ಊಹಿಸಿಯೇ ಬಿಡಿಸಬೇಕು, ನಾಳೆ ಅದೇ ಅಜ್ಜನ ಗಲ್ಲವೆಂದು ನಿಲ್ಲುತ್ತದೆ. ತೇಪೆಯನ್ನು ಹಾಗೇ ಬಿಟ್ಟು, ಚೌಕಟ್ಟಿನ ಹಿಂಬದಿಗೆ ಒಂದು ಚೀಟಿ ಅಂಟಿಸಿದೆ: ಯಾವ ಪ್ರಿಂಟ್‌ನಿಂದ ಮಾಡಿದ್ದು, ಗಲ್ಲದ ಎಷ್ಟು ಭಾಗ ಮಾಡೆಲ್ ತುಂಬಿಸಿದ್ದು, ಮಗಳು ಹೇಳಿದ ಗುಳಿಯ ಮಾತು. ತಿದ್ದದ ಸ್ಕ್ಯಾನ್, ತೇಪೆಯ ಮಾಸ್ಕ್, ಮುಗಿದ ಚಿತ್ರ ಮೂರನ್ನೂ ಬೇರೆಬೇರೆ ಕಡತಗಳಾಗಿ ಮನೆಯವರಿಗೆ ಕೊಟ್ಟಿದ್ದೇನೆ. ಮದುವೆಯ ಆಲ್ಬಮ್‌ನ ಇನ್ನೊಂದು ಪ್ರತಿ ಕಾರ್ಕಳದ ನೆಂಟರ ಬಳಿ ಇದೆಯಂತೆ. ಅದರಲ್ಲಿ ಗಲ್ಲ ಕಾಣುವ ಚಿತ್ರವೇನಾದರೂ ಸಿಕ್ಕಿದರೆ ಆ ತುಂಡನ್ನಷ್ಟೇ ಮತ್ತೆ ಮಾಡಬಹುದು.

ಆಮಂತ್ರಣ ಪತ್ರಿಕೆಗಳು ಆಗಲೇ ಹಂಚಿಹೋಗಿದ್ದವು, ಅವುಗಳಲ್ಲಿರುವುದು ಮೊದಲಿನ ಮುಖವೇ. ಫ್ಯಾಮಿಲಿ ಗ್ರೂಪಿನ ಡಿಪಿಯನ್ನು ಮೊಮ್ಮಗ ಬದಲಿಸಿದ್ದಾನೆ. ಉಳಿದವರ ಮೊಬೈಲುಗಳಲ್ಲಿ ಎರಡೂ ಇವೆ.